ಕಿಟಕಿ ಕಡೆಯ ಹದಿನಾಲ್ಕು ಮಕ್ಕಳು

ಮೂರನೇ ಪ್ರಶ್ನೆಗೆ ಬರುವಷ್ಟರಲ್ಲಿ ರೇಣುಕಾದೇವಿಯ ಬಾಯಿ ಒಣಗಿತ್ತು. ಹೊಸಪೇಟೆಯ ಡಿ.ಇಡಿ. ಕಾಲೇಜಿನಲ್ಲಿ ಅಂದು ವಿಚಾರಗೋಷ್ಠಿ. ವಿಷಯ, ಕಿಕ್ಕಿರಿದ ತರಗತಿಗಳ ನಿರ್ವಹಣೆ. ಪ್ರತಿಯೊಬ್ಬ ವಿದ್ಯಾರ್ಥಿಯೂ ತಾನು ನೋಡಿ ಬಂದ ತರಗತಿಯಿಂದ ಐದು ಪ್ರಶ್ನೆ ಎತ್ತಬೇಕು. ಅದಕ್ಕೇ ಅಂಕ. ನಾಲ್ಕು ಜನರೆದುರು ಹೆಸರು ಹೇಳಲೂ ಬೆವರುವ ಅವಳು, ಆ ಐದನ್ನು ವಾರವಿಡೀ ತಿದ್ದಿ ತಿದ್ದಿ ಬರೆದಿದ್ದಳು.

ಅವಳು ನೋಡಿದ್ದು ಸಂಡೂರಿನ ಗಣಿ ದಾರಿಯ ಸರ್ಕಾರಿ ಶಾಲೆಯನ್ನು. ಅದಿರು ಲಾರಿಗಳು ಹೆಚ್ಚಿದಂತೆ ಕೂಲಿಯವರ ಶೆಡ್ಡುಗಳೂ ಹೆಚ್ಚಿ, ಐದನೇ ತರಗತಿಯ ಒಂದೇ ಕೋಣೆಗೆ ತೊಂಬತ್ತೆರಡು ಮಕ್ಕಳಾಗಿದ್ದರು. ಹೆಸರಿನ ಬದಲು ಕೂತ ಜಾಗಗಳಿಗೆ ಸಂಖ್ಯೆ ಹಾಕಿ ನಕ್ಷೆ ಬರೆದುಕೊಂಡು, ಐದು ನಿಮಿಷಕ್ಕೊಮ್ಮೆ ಒಬ್ಬೊಬ್ಬರನ್ನೇ ನೋಡಿ, ಪಾಠದಲ್ಲಿ ತೊಡಗಿದ್ದರೆ ಸರಿ ಗುರುತು, ಇಲ್ಲದಿದ್ದರೆ ಸೊನ್ನೆ ಹಾಕಿದ್ದಳು.

“ಮುಂದಿನ ಸಾಲುಗಳೇ ಗದ್ದಲ ಮಾಡುವಾಗ, ಕಿಟಕಿ ಕಡೆಯ ಹದಿನಾಲ್ಕು ಮಕ್ಕಳಿಗೆ ನಲವತ್ತು ನಿಮಿಷದಲ್ಲಿ ಒಂದೂ ಸೊನ್ನೆ ಬೀಳಲಿಲ್ಲ. ಈ ಶಿಸ್ತು ಯಾವ ವಿಧಾನದಿಂದ ಬಂತು?” ಎಂದು ಓದಿದಳು.

“ಮಸ್ತ್ ಪ್ರಶ್ನೆ!” ಎಂದರು ಅಧ್ಯಾಪಕ ಮನೋಹರ್. “ಆ ಕ್ಲಾಸಿನ ಟೀಚರ್ ಇಲ್ಲೇ ಅದಾರಲ್ಲ. ಹೇಳ್ರಿ ಹುಲುಗಮ್ಮೋರ, ಏನ್ ಮಂತ್ರ ಹಾಕೀರಿ?”

ಅತಿಥಿಯಾಗಿ ಬಂದಿದ್ದ ಹುಲುಗಮ್ಮ ನಕ್ಕೇಬಿಟ್ಟರು. “ಯವ್ವಾ, ಎಲ್ಲೀ ಶಿಸ್ತು! ಅವು ಛತ್ತೀಸಗಡದ ಕೂಲಿಯೋರ ಮಕ್ಕಳು. ಬಂದು ಮೂರು ವಾರ ಆತು. ಕನ್ನಡ ಒಂದ್ ಮಾತೂ ತಿಳ್ಯಂಗಿಲ್ಲ.”

ಸಭೆಯೆಲ್ಲ ಗೊಳ್ಳೆಂದಿತು. ರೇಣುಕಾ ಹುಲುಗಮ್ಮನತ್ತ ತಿರುಗಿದಳು.

“ಮತ್ತ... ಬರ್ಕೊಂತಿದ್ರಲ್ರೀ ಟೀಚರ್?”

ಮಾದರಿಗೆಂದು ತಾನೇ ಆರಿಸಿ ತಂದಿದ್ದ, ಆ ಹದಿನಾಲ್ವರಲ್ಲಿ ಒಬ್ಬ ಹುಡುಗಿಯ ನೋಟ್‌ಬುಕ್ ತೆರೆದಳು. ಮುತ್ತಿನಂಥ ಅಕ್ಷರ. ಪಾಠದ ಮೇಲೆ, ಹಲಗೆಯ ಮೂಲೆಯಲ್ಲಿದ್ದ ‘ಹಾಜರಿ 92’. ಪಾಠದ ಕೆಳಗೆ, ಅಷ್ಟೇ ಅಂದವಾಗಿ, ‘ಅಳಿಸಬೇಡಿ’. ಹಲಗೆಯ ಮೇಲೆ ಕಂಡದ್ದನ್ನೆಲ್ಲ ಹುಡುಗಿ ಚಿತ್ರದಂತೆ ಇಳಿಸಿಕೊಂಡಿದ್ದಳು. ಇದನ್ನೇ ಅವಳು ವರದಿಗೆ ‘ಗಮನಕ್ಕೆ ಪುರಾವೆ’ ಎಂದು ಲಗತ್ತಿಸಿದ್ದಳು! ಎಂಟು ಸಲ ಆ ಹುಡುಗಿಯ ಮುಖ ನೋಡಿದ್ದಳು. ಎಂಟು ಸಲವೂ ಸರಿ ಗುರುತು.

“ಹೋಗ್ಲಿ ಬಿಡವ್ವ, ಮೂರನೇದು ತೆಗದುಬಿಡು,” ಎಂದರು ಮನೋಹರ್. “ಮಾರ್ಕ್ಸ್ ಕಟ್ ಮಾಡಂಗಿಲ್ಲ. ನಾಲ್ಕಕ್ಕ ಬಾ.”

“ತೆಗ್ಯಾಕ ಬರಂಗಿಲ್ರಿ ಸರ್.” ತನ್ನದೇ ಧ್ವನಿ ಅಷ್ಟು ಜೋರಾಗಿದ್ದಕ್ಕೆ ಅವಳೇ ಬೆಚ್ಚಿದಳು. “ಹದಿನಾಲ್ಕು ಮಂದಿಗೆ ಎಂಟೆಂಟು. ನೂರಾ ಹನ್ನೆರಡು ಗುರುತು ಸುಳ್ಳು ಹಾಕೀನಿ. ನನ್ನ ವರದಿನೇ ತಪ್ಪೈತಿ.”

ಪ್ರಶ್ನೆಗೆ ಅಡ್ಡಗೆರೆ ಎಳೆದು, ಬರೆಯದೆಯೇ ಹೊಸದನ್ನು ಕೇಳಿದಳು: “ಸುಮ್ನ ಕುಂತ ಮಗುಗೆ ಪಾಠ ತಿಳೀತು ಅಂತ ಗುರುತು ಹಾಕಿದೋರು ಇಲ್ಲಿ ಇನ್ನೂ ಯಾರ್ಯಾರ್ ಅದೀರಿ?”

ಹಿಂದಿನ ಬೆಂಚಿನಿಂದ ಮುಂದಿನವರೆಗೆ ಎಲ್ಲರೂ ತಂತಮ್ಮ ವರದಿಯ ಹಾಳೆ ಮಗುಚತೊಡಗಿದರು.

ಹುಲುಗಮ್ಮನ ಮುಖದಿಂದ ನಗು ಇಳಿದಿತ್ತು. ರೇಣುಕಾ ಚಾಚಿದ ನೋಟ್‌ಬುಕ್ಕಿನ ರಟ್ಟು ತಿರುಗಿಸಿ ನೋಡಿದರು. ಹೆಸರಿನ ಜಾಗ ಖಾಲಿ.

“ಇದು ಯಾರದವ್ವ?” ಎಂದು ಮೆಲ್ಲಗೆ ಕೇಳಿದರು.

“ನಂಗೂ ಗೊತ್ತಿಲ್ರಿ ಟೀಚರ್. ನನ್ನ ನಕ್ಷೆದಾಗ ಆಕಿ ಬರೇ ಎಪ್ಪತ್ತೊಂಬತ್ತು.”