ಜೌಗಿಗೆ ಎರಡು ವರ್ಷ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಕತೆ ಹೇಳುವುದು ನನ್ನ ಕಸುಬಲ್ಲ. ಹಗಲು ದುಡಿದು, ಸಂಜೆ ಕಾಲೇಜಿನ ಹಿಂದಿನ ಬೆಂಚಿನಲ್ಲಿ ತೂಕಡಿಸುತ್ತ ಓದಿದವಳು ನಾನು. ಅದರಲ್ಲೂ ಸರ್ಕಾರಿ ಪ್ರಸ್ತಾವನೆಯೊಂದರ ಕತೆ ಯಾರಿಗೆ ಬೇಕು? ಆದರೂ ಆ ಕೆಲಸದಲ್ಲಿದ್ದ ಮೂವರಲ್ಲಿ ಉಳಿದಿಬ್ಬರು ಬಾಯಿ ಬಿಡುವವರಲ್ಲ. ಒಬ್ಬರಿಗೆ ಸುಸ್ತು, ಇನ್ನೊಬ್ಬರಿಗೆ ಮಾತೆಂದರೆ ಆಗದು.

ನಮ್ಮ ಜಲಮೂಲ ವಿಭಾಗ ನಗರಸಭೆ ಕಟ್ಟಡದ ಹಿಂಬದಿಯ ಕೋಣೆಯಲ್ಲಿತ್ತು. ಮೂರು ಮೇಜು, ಒಂದು ಕಿಟಕಿ, ಗೋಡೆಯ ಬುಡದಲ್ಲಿ ಕೆಸರು ಒಣಗಿದ ಗಮ್‌ಬೂಟುಗಳು. ವಿಭಾಗದ ಮುಖ್ಯಸ್ಥೆಯನ್ನು ಎಲ್ಲರೂ ಮೇಡಂ ಎನ್ನುತ್ತಿದ್ದರು. ಹಕ್ಕಿ ಎಣಿಸುವವರು ಎರಡನೆಯವರು. ಊಟದ ಹೊತ್ತಿನಲ್ಲೂ ಕೊರಳಿನ ದುರ್ಬೀನು ತೆಗೆಯದೆ ದುರ್ಬೀನಣ್ಣ ಆಗಿಹೋಗಿದ್ದರು. ಮೂರನೆಯವಳು ನಾನು, ತಾಂತ್ರಿಕ ಸಹಾಯಕಿ. ಅಳೆಯುವುದು, ಟೈಪು ಮಾಡುವುದು, ತಪ್ಪಾದರೆ ಬೈಸಿಕೊಳ್ಳುವುದು.

ಊರಂಚಿನಲ್ಲಿ ಒಂದು ಜೌಗುಭೂಮಿ ಇತ್ತು. ಅದನ್ನು ಒಣಗಿಸಲೆಂದು ಹಿಂದೆಂದೋ ನಡುವೆ ಆಳವಾದ ಕಾಲುವೆ ತೋಡಿದ್ದರು. ನೀರು ಬಸಿದುಹೋಗಿ, ಜೊಂಡು ಸತ್ತು, ಮುಳ್ಳುಪೊದೆ ಬೆಳೆದಿತ್ತು. ಒಂದು ಬದಿಯಲ್ಲಿ ಮೀನು ಮಾರುಕಟ್ಟೆ ತೊಳೆದ ನೀರು ಕೊಳವೆಯೊಂದರಿಂದ ಬಂದು ಬೀಳುತ್ತಿತ್ತು. ಕಾಲುವೆಗೆ ಅಲ್ಲಲ್ಲಿ ಅಡ್ಡಗಟ್ಟೆ ಹಾಕಿ ನೀರು ನಿಲ್ಲಿಸುವುದು, ಮಾರುಕಟ್ಟೆಯ ಕೊಳವೆಯನ್ನು ಊರಿನ ಒಳಚರಂಡಿಗೆ ತಿರುಗಿಸುವುದು, ಜೊಂಡು ಮರಳುವಂತೆ ಮಾಡುವುದು: ಇಷ್ಟೇ ನಮ್ಮ ಪ್ರಸ್ತಾವನೆ. ಆದರೆ ಅದೇ ಜಾಗ ಲಾರಿ ನಿಲ್ದಾಣಕ್ಕೆ ಬೇಕೆಂದು ರಸ್ತೆ ವಿಭಾಗ ಕಾದು ಕುಳಿತಿತ್ತು. ಜಾಗ ಯಾರಿಗೆಂದು ತೀರ್ಮಾನಿಸುವ ನಗರಸಭೆಯ ಸಮಿತಿಯ ನಿಯಮ ಹೀಗಿತ್ತು: ಎರಡು ವರ್ಷ ಮುಗಿದಾಗ, ನಾವೇ ಬರೆದುಕೊಟ್ಟ ಗುರಿ ಮುಟ್ಟದಿದ್ದರೆ ಜಾಗ ರಸ್ತೆ ವಿಭಾಗಕ್ಕೆ. ಒಮ್ಮೆ ಮಣ್ಣು ತುಂಬಿ ಡಾಂಬರು ಹಾಕಿದರೆ ಜೌಗು ಮತ್ತೆ ಬರುವುದಿಲ್ಲ.

ಮೇಡಂ ಹಿಂದೆ ಎರಡು ಸಲ ಪ್ರಸ್ತಾವನೆ ಕಳಿಸಿ, ಎರಡೂ ಸಲ 'ಗುರಿ ಅಸ್ಪಷ್ಟ' ಎಂಬ ಷರಾದೊಂದಿಗೆ ವಾಪಸು ಪಡೆದಿದ್ದರು. ಈ ಸಲ ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿ ಹಾಕಿಸಿದರು: ಎರಡು ವರ್ಷದಲ್ಲಿ ಹಕ್ಕಿಗಳ ಸಂಖ್ಯೆ ಒಂದೂವರೆ ಪಟ್ಟು.

"ಇದಕ್ಕಿಂತ ಸ್ಪಷ್ಟ ಇನ್ನೇನು ಬೇಕು ಹೇಳು?" ಎಂದರು.

ನನಗೂ ಸರಿಯೆನಿಸಿತ್ತು.

ಅದೇ ವಾರ ಜೌಗಿನಲ್ಲಿ ನೀರಿನ ಮಟ್ಟ ನೋಡುವ ಕೊಳವೆಗಳನ್ನು ಹೂಳಲು ಹೋದೆವು. ತೂತು ಕೊರೆದ ಪ್ಲಾಸ್ಟಿಕ್ ಕೊಳವೆಗಳವು. ನೆಲಕ್ಕಿಳಿಸಿ ಅಳತೆಪಟ್ಟಿ ಬಿಟ್ಟರೆ ಮಣ್ಣಿನೊಳಗೆ ನೀರು ಎಷ್ಟು ಕೆಳಗಿದೆಯೆಂದು ತಿಳಿಯುತ್ತದೆ. ಕಚೇರಿಯ ಜೀಪು ಹಾಜರಿ ಹಾಕಿದ ಮೇಲೆಯೇ ಸಿಗುತ್ತಿದ್ದರಿಂದ ಎಂದಿನಂತೆ ಬಿಸಿಲೇರಿದ ಮೇಲೆ ತಲುಪಿದೆವು. ನಾನು ಕೆಸರಿನಲ್ಲಿ ಮಂಡಿಯೂರಿದ್ದೆ. ದುರ್ಬೀನಣ್ಣ ದಿಬ್ಬದ ಮೇಲೆ ನಿಂತು ಎಣಿಸುತ್ತಿದ್ದರು. ಆಗ ಮಾರುಕಟ್ಟೆ ತೊಳೆಯಲು ಶುರುಮಾಡಿದರು. ಅಲ್ಲಿನ ಕೊಳವೆಯಿಂದ ಕೆಂಪು ನೀರು, ಕರುಳು, ಪೊರೆ ಎಲ್ಲ ಸುರಿಯಿತು. ಎಲ್ಲಿದ್ದವೋ, ಬೆಳ್ಳಕ್ಕಿ, ಹದ್ದು, ಕಾಗೆ ಮೋಡದಂತೆ ಬಂದೆರಗಿದವು. ಅಷ್ಟು ದೊಡ್ಡ ಜೌಗಿನ ಉಳಿದ ಭಾಗದಲ್ಲಿ ಒಂದು ರೆಕ್ಕೆಯೂ ಅಲ್ಲಾಡಲಿಲ್ಲ.

ನಾನು ಎದ್ದು ನಿಂತೆ. "ಅಣ್ಣಾ, ಆರಂಭದ ಸ್ಥಿತಿ ಅಂತ ಬರೆದಿದ್ದೀವಲ್ಲ, ಆ ಸಂಖ್ಯೆ ಇವೇನಾ?"

"ಬೇರೆ ಎಲ್ಲಿವೆ ತೋರ್ಸು, ಅವನ್ನೂ ಎಣಿಸ್ತೀನಿ."

"ಕೊಳವೆ ತಿರುಗಿಸಿದ್ಮೇಲೆ ಇವೆಲ್ಲ ಎಲ್ಲಿ ಹೋಗ್ತವೆ?"

ಅವರು ದುರ್ಬೀನು ಇಳಿಸಲೇ ಇಲ್ಲ. "ಹೊಟ್ಟೆ ಎಲ್ಲಿ ತುಂಬುತ್ತೋ ಅಲ್ಲಿಗೆ."

"ಅಂದ್ರೆ ನಾವು ಕೆಲಸ ಸರಿಯಾಗಿ ಮಾಡಿದಷ್ಟೂ ಸೋಲ್ತೀವಿ."

"ಹೂಂ."

"ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು ಅಂತಲ್ಲ ತಂಗಿ. ಬೆಳಗಿನ ಜಾವಕ್ಕೆ ಜೀಪು ಕೇಳಿ ಕೇಳಿ ಸಾಕಾಯ್ತು. ಕೊಟ್ಟ ಹೊತ್ತಿಗೆ ಬಂದೆ, ಕಂಡಿದ್ದು ಎಣಿಸಿದೆ. ಆಮೇಲೆ ಯೋಚನೆ ಮಾಡೋದನ್ನೇ ಬಿಟ್ಟೆ."

ಮರುದಿನ ಮೇಡಂಗೆ ಹೇಳಿದೆ. ನಾನೇ ಏನೋ ತಪ್ಪು ತಿಳಿದಿರಬಹುದೆಂದು ನಡುನಡುವೆ ಸೇರಿಸಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಎರಡೂ ಕೈಯಿಂದ ಮುಖ ಒತ್ತಿಕೊಂಡರು.

"ಹಕ್ಕಿ ಅಂದ್ರೆ ಸಮಿತಿಯವರಿಗೆ ಅರ್ಥ ಆಗುತ್ತೆ ಕಣೆ. ಕೊಳವೆಯೊಳಗಿನ ನೀರು ಅಂದ್ರೆ ಆಕಳಿಸ್ತಾರೆ."

"ಇನ್ನೊಂದಿದೆ ಮೇಡಂ. ಒಣಗಿದ್ದ ಮಣ್ಣಿಗೆ ಮತ್ತೆ ನೀರು ನಿಲ್ಲಿಸಿದ್ರೆ ಅದರಲ್ಲಿ ಸೇರಿಕೊಂಡಿರೋ ರಂಜಕ ಹೊರಗೆ ಬರುತ್ತೆ. ಮೊದಲ ಒಂದೆರಡು ವರ್ಷ ಪಾಚಿ ಕಟ್ಟಬಹುದು, ವಾಸನೆ ಜಾಸ್ತಿ ಆಗಬಹುದು. ಜೊಂಡು ಹರಡೋಕೆ ನಾಲ್ಕೈದು ವರ್ಷ ಬೇಕು."

"ಗೊತ್ತು. ಐದು ವರ್ಷ ಅಂತ ಕೇಳಿದ್ರೆ ಈಗ್ಲೇ ಲಾರಿ ನಿಲ್ಸ್ತಾರೆ. ಎರಡು ಅಂತ ಬರೆದ್ರೆ ಎರಡು ವರ್ಷ ಬಿಟ್ಟು ನಿಲ್ಸ್ತಾರೆ. ಯಾವುದು ಬೇಕೋ ಆರ್ಸಿಕೋ."

ಆ ಸಂಜೆ ಮನೆಗೆ ಹೋದಾಗ ಅತ್ತೆ ಅಡುಗೆಮನೆಯ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಮಂಡಿಯ ಶಸ್ತ್ರಚಿಕಿತ್ಸೆಯಾಗಿ ಹೆಚ್ಚು ದಿನವಾಗಿರಲಿಲ್ಲ. ನನ್ನ ಗಂಡ ತಟ್ಟೆ ತೊಳೆಯುತ್ತ, "ಅಮ್ಮ, ಇಷ್ಟೊತ್ತಿಗೆ ಮಹಡಿ ಹತ್ತಬೇಕಿತ್ತು ನೀನು," ಎಂದು ಕೆಣಕಿದರು.

"ಹತ್ತೋದು ಆಮೇಲಿನ ಮಾತು. ಹೊಲಿಗೆ ಕೂಡಿದೆಯಾ ಅಂತ ನೋಡಿದ್ರು, ಈಗ ಮಂಡಿ ಮಡಚುತ್ತಾ ಅಂತ ನೋಡ್ತಾರೆ. ಡಾಕ್ಟ್ರಿಗಿಲ್ಲದ ಅವಸರ ನಿನಗ್ಯಾಕೋ? ನನ್ನ ಕೈಲಿ ಕಾಫಿ ಮಾಡ್ಸ್ಕೊಳ್ಳೋಕಾ?"

"ಮತ್ತೆ? ಸೊಸೆ ಮಾಡೋ ಕಾಫಿ ಕುಡಿದಿದ್ದೀಯಲ್ಲ."

ಅವರಿಬ್ಬರೂ ನಕ್ಕರು. ನಾನು ಚೀಲ ಕೆಳಗಿಡುವುದನ್ನೂ ಮರೆತು ನಿಂತಿದ್ದೆ. ಎರಡನೇ ವರ್ಷ ಕೇಳಬೇಕಾದದ್ದನ್ನು ಎರಡನೇ ವರ್ಷ, ಐದನೇ ವರ್ಷ ಕೇಳಬೇಕಾದದ್ದನ್ನು ಐದನೇ ವರ್ಷ ಕೇಳಿದರೆ? ಸಮಿತಿಯ ನಿಯಮ ಮುರಿಯಬೇಕಾಗಿಯೇ ಇರಲಿಲ್ಲ.

ವಾರವಿಡೀ ಕೋಷ್ಟಕ ತಿದ್ದಿದೆವು. ಎರಡನೇ ವರ್ಷದ ತೀರ್ಮಾನಕ್ಕೆ ನೀರಿನ ಮಟ್ಟ ಮಾತ್ರ: ಹತ್ತು ಕೊಳವೆಗಳಲ್ಲಿ ಎಂಟರಲ್ಲಾದರೂ, ಒಣ ತಿಂಗಳುಗಳಲ್ಲೂ, ನೀರು ನೆಲದಿಂದ ಒಂದು ಗೇಣಿಗಿಂತ ಕೆಳಗಿಳಿಯಬಾರದು. ಮಳೆ ಕೈಕೊಟ್ಟರೆ? ಅದಕ್ಕೆ ಜೌಗಿನ ಪಕ್ಕ ಹರಿಯುವ ಹೊಳೆಯ ಮೇಲ್ಭಾಗದಲ್ಲಿ ಕೆಡದೆ ಉಳಿದಿದ್ದ ಚಿಕ್ಕ ಜೌಗಿನಲ್ಲೂ ಕೊಳವೆ ಹೂತು, ಬರದ ವರ್ಷದಲ್ಲಿ ಅದರೊಂದಿಗೆ ಹೋಲಿಸಬೇಕು, ಎರಡೂ ಕಡೆ ನೀರು ಸಮವಾಗಿ ಇಳಿದಿದ್ದರೆ ಗುರಿ ಮುಟ್ಟಿದಂತೆ ಎಂದು ಸೇರಿಸಿದೆವು. ಜೊಂಡು ಐದನೇ ವರ್ಷಕ್ಕೆ, ಗೂಟ ನೆಟ್ಟು ಗುರುತಿಸಿದ ಚೌಕಗಳ ಅರ್ಧದಷ್ಟನ್ನು ಆವರಿಸಿರಬೇಕು. ಹಕ್ಕಿಗಳ ಒಟ್ಟು ಸಂಖ್ಯೆಯನ್ನು ವರದಿ ಮಾಡುವುದು, ಅದರ ಮೇಲೆ ತೀರ್ಮಾನ ಬೇಡ. ಜೊಂಡಿನಲ್ಲಿ ಗೂಡು ಕಟ್ಟುವ ಹಕ್ಕಿಗಳನ್ನಷ್ಟೇ ಐದನೇ ವರ್ಷಕ್ಕೆ ಗುರಿಯಾಗಿಡುವುದು.

ಮೇಡಂ ಹಳೆಯ ಕರಡಿನಲ್ಲಿ ಎಲ್ಲವನ್ನೂ ಪ್ರತಿವಾರ ಅಳೆಯುವುದೆಂದು ಬರೆದಿದ್ದರು. ಇರುವುದು ಮೂರೇ ಜನ, ಒಂದೇ ಜೀಪು ಎಂದೆ. ಮಾಡಲಾಗದ್ದನ್ನು ಬರೆದರೆ ಮುಂದೆ ಮಾಡಿದೆವೆಂದು ಸುಳ್ಳು ಬರೆಯಬೇಕಾಗುತ್ತದೆ. ಕೊನೆಗೆ ಕೊಳವೆಗಳನ್ನು ಹದಿನೈದು ದಿನಕ್ಕೊಮ್ಮೆ, ನೀರಿನ ಮಾದರಿ ತಿಂಗಳಿಗೊಮ್ಮೆ, ಗಿಡಗಳನ್ನು ವರ್ಷಕ್ಕೊಮ್ಮೆ ಒಂದೇ ಋತುವಿನಲ್ಲಿ, ಗೂಡುಗಳನ್ನು ಮರಿ ಮಾಡುವ ಕಾಲದಲ್ಲಿ ಬೆಳಗಿನ ಜಾವ ಮೂರು ಸಲ ಎಂದಾಯಿತು. ಜಾವಕ್ಕೆ ಜೀಪು ಎಂಬ ಸಾಲಿಗೆ ದುರ್ಬೀನಣ್ಣ ಪೆನ್ಸಿಲ್ಲಿನಿಂದ ಎರಡು ಸಲ ಅಡಿಗೆರೆ ಎಳೆದರು.

ಸಮಿತಿಯ ಕೋಣೆಯಲ್ಲಿ ಫ್ಯಾನಿನ ಸದ್ದು ಜೋರಾಗಿತ್ತು. ಮೇಡಂ ಓದಿದರು. ರಸ್ತೆ ವಿಭಾಗದ ಎಂಜಿನಿಯರು ಕುರ್ಚಿಗೆ ಒರಗಿ ಕೇಳಿಸಿಕೊಂಡರು.

"ಅಂದ್ರೆ ಮೇಡಂ, ಕೆಲಸ ಶುರುವಾದ್ಮೇಲೆ ಹಕ್ಕಿ ಕಡಿಮೆ, ವಾಸನೆ ಜಾಸ್ತಿ. ಅದಕ್ಕೆ ನೀವು ಪುನಶ್ಚೇತನ ಅಂತೀರಿ. ಹೀಗಾದ್ರೆ ನಮ್ಮ ಗುಂಡಿ ಬಿದ್ದ ರಸ್ತೆನೂ ಪುನಶ್ಚೇತನವೇ!"

ಎಲ್ಲರೂ ನಕ್ಕರು. ಮೇಡಂ ನಗಲಿಲ್ಲ. ನನ್ನತ್ತ ತಿರುಗಿ, "ನೀನೇ ಹೇಳು," ಎಂದರು. ಮೀನಿನ ಕರುಳಿಗೆ ಬರುವ ಹಕ್ಕಿ ಮಾರುಕಟ್ಟೆಯ ಲೆಕ್ಕ, ಜೌಗಿನ ಲೆಕ್ಕವಲ್ಲ ಎಂದೆ. ಎರಡು ವರ್ಷದಲ್ಲಿ ನೀರು ನಿಲ್ಲದಿದ್ದರೆ ಜೊಂಡೂ ಬರುವುದಿಲ್ಲ, ಆಗ ಜಾಗ ತೆಗೆದುಕೊಳ್ಳಿ ಎಂದೆ. ಆ ಕೊನೆಯ ಮಾತು ಹೇಳಬಾರದಿತ್ತೇನೋ. ಮೇಡಂ ತಲೆ ತಗ್ಗಿಸಿದರು.

ಸಮಿತಿಯ ಅಧ್ಯಕ್ಷೆ ಬಹಳ ಹೊತ್ತು ಕೋಷ್ಟಕ ನೋಡಿದರು. "ವಾಸನೆ ಬರುತ್ತೆ ಅಂತ ಸುತ್ತಲಿನ ಮನೆಗಳಿಗೆ ಮೊದಲೇ ಹೇಳಿರಬೇಕು. ಎರಡನೇ ವರ್ಷ ನೀರು ನೋಡ್ತೀವಿ. ತಪ್ಪಿದ್ರೆ ಲಾರಿ. ಆಮೇಲೆ ಅತ್ತು ಕರೀಬಾರದು." ಅಷ್ಟೇ. ಮುಂದಿನ ಕಡತ ತೆಗೆದುಕೊಂಡರು.

ಆ ಎರಡು ವರ್ಷಗಳನ್ನು ಹೇಗೆ ಹೇಳಲಿ? ಕೆಲಸ, ಮತ್ತೆ ಅದೇ ಕೆಲಸ. ಮಾರುಕಟ್ಟೆಯ ಕೊಳವೆ ತಿರುಗಿಸಿದ ತಿಂಗಳೇ ಬೆಳ್ಳಕ್ಕಿಗಳು ಹೋದವು. ಅಡ್ಡಗಟ್ಟೆಗಳ ಹಿಂದೆ ನೀರು ನಿಂತು, ಮುಳ್ಳುಪೊದೆ ಕೊಳೆತು, ಹಸಿರು ಪಾಚಿ ಹಾಸಿಕೊಂಡಿತು. ಮನೆಮನೆಗೆ ಹೋಗಿ ಮೊದಲೇ ಹೇಳಿದ್ದರೂ ಜನ ಬಂದು ಬೈದರು. ಮೂಗು ಮುಚ್ಚಿಕೊಂಡೇ ಬೈದರು. ಒಂದು ಅಡ್ಡಗಟ್ಟೆ ಬದಿಯಿಂದ ಸೋರಿ, ಅಗಲ ಮಾಡಿ ಮತ್ತೆ ಕಟ್ಟಿಸಿದೆವು. ಎರಡನೇ ವರ್ಷ ನಾವು ಹೆದರಿದಂತೆಯೇ ಮಳೆ ಕೈಕೊಟ್ಟಿತು. ಒಣ ತಿಂಗಳ ಕೊನೆಗೆ ಐದು ಕೊಳವೆಗಳಲ್ಲಿ ನೀರು ಗೇಣು ದಾಟಿ ಕೆಳಗಿಳಿಯಿತು. ಎಂಜಿನಿಯರು ಸಮಿತಿಯ ಸಭೆಗೆ, ಲಾರಿ ನಿಲ್ದಾಣದ ಜಾಗ ಅಳೆಯಲೆಂದು, ಅಳತೆಗಾರರನ್ನೇ ಕರೆತಂದಿದ್ದರು.

ಮೇಲ್ಭಾಗದ ಜೌಗಿನ ಕೊಳವೆಗಳಲ್ಲೂ ನೀರು ಅಷ್ಟೇ ಇಳಿದಿತ್ತು. ಅಡ್ಡಗಟ್ಟೆ ಹಾಕುವ ಮೊದಲು ನಮ್ಮ ಜೌಗಿನ ನೀರು ಅದಕ್ಕಿಂತ ಎರಡು ಮೊಳ ಕೆಳಗಿರುತ್ತಿತ್ತು. ಈಗ ಎರಡೂ ಹೆಚ್ಚುಕಡಿಮೆ ಸಮ. ಅಧ್ಯಕ್ಷೆ ಎರಡು ಗೆರೆಗಳ ನಕ್ಷೆಯ ಮೇಲೆ ಬೆರಳಾಡಿಸಿ ಕೇಳಿದರು, "ಇದು ಈಗ ಸೇರಿಸಿದ ನೆಪ ಅಲ್ಲ ತಾನೆ?"

"ಮೊದಲೇ ಬರೆದಿದ್ವಿ ಮೇಡಂ, ನೀವೇ ಒಪ್ಪಿದ್ರಿ," ಎಂದರು ನಮ್ಮ ಮೇಡಂ. ಅವರ ದನಿಯಲ್ಲಿ ಗೆದ್ದ ಸಂತೋಷವಿರಲಿಲ್ಲ.

ಜಾಗ ಉಳಿಯಿತು. ಹೊರಗೆ ಬಂದು ಮೆಟ್ಟಿಲ ಮೇಲೆ ಮೂವರೂ ಕುಳಿತೆವು. "ಇನ್ನು ಮೂರು ವರ್ಷ," ಎಂದು ದುರ್ಬೀನಣ್ಣ ಉಸಿರುಬಿಟ್ಟರು. "ಅಷ್ಟರಲ್ಲಿ ನಾನು ನಿವೃತ್ತಿ ಆಗಿರ್ತೀನಿ, ನೀನೇ ಎಣಿಸ್ಕೋ," ಎಂದರು ಮೇಡಂ ನನಗೆ.

ಈಗ ನಾಲ್ಕನೇ ವರ್ಷ ನಡೆಯುತ್ತಿದೆ. ನೀರು ನಿಂತಿದೆ, ಪಾಚಿ ಕಡಿಮೆಯಾಗಿದೆ. ಚೌಕಗಳಲ್ಲಿ ಜೊಂಡು ಅಲ್ಲಲ್ಲಿ ಮೂಡಿದೆ, ಅರ್ಧಕ್ಕೆ ಇನ್ನೂ ಬಹಳ ದೂರ. ಮಣ್ಣಿನಲ್ಲಿ ಹಳೆಯ ಬೀಜ ಜೀವಂತವಾಗಿ ಉಳಿದಿದೆಯೋ, ಇಲ್ಲ ನಾವೇ ನೆಡಬೇಕೋ, ಗೊತ್ತಿಲ್ಲ. ಗೂಡು ಒಂದೂ ಕಂಡಿಲ್ಲ. ಗುರಿ ಅರ್ಧ ಎಂದು ಬರೆದವಳು ನಾನು. ಅದು ಸರಿಯಾದ ಅಂದಾಜೋ ಅಲ್ಲವೋ, ಅದೂ ನನಗೆ ಗೊತ್ತಿಲ್ಲ.