ಗಂಟಲಿನ ಹೊರಗಿನ ನೋವು

ಸಮವಸ್ತ್ರ ಹೊಲಿಯುವ ಆ ಉದ್ದನೆಯ ಕೋಣೆಯಲ್ಲಿ ಇಪ್ಪತ್ತು ಮಿಷನ್ನುಗಳಿದ್ದವು, ಕತ್ತರಿಸುವ ಮೇಜು ಮಾತ್ರ ಒಂದೇ. ಹನ್ನೊಂದು ವರ್ಷದಿಂದ ಆ ಮೇಜು ಕಟಿಂಗ್ ಅಕ್ಕನದು. ಎಂಟು ಪದರ ಬಟ್ಟೆಯನ್ನು ಒಂದೇ ಸಲ ಕತ್ತರಿಸಿದರೂ ಕೆಳಗಿನ ಪದರ ಕೂದಲೆಳೆಯಷ್ಟೂ ಜರುಗುತ್ತಿರಲಿಲ್ಲ. ಈಗ ಅದೇ ಕೈ ನಡುಗುತ್ತಿತ್ತು. ಶನಿವಾರ ಹದಿನಾರು ಕಾಲರುಗಳು ಹಾಳಾದವು. ಯಜಮಾನ ಬೈಯಲಿಲ್ಲ. ಅದೇ ಅವಳಿಗೆ ಹೆಚ್ಚು ಉರಿದದ್ದು.

"ಸೋಮವಾರದಿಂದ ಬೇರೆಯವರನ್ನ ನಿಲ್ಲಿಸ್ತೀನಿ. ನೀನು ಗುಂಡಿ ಹಾಕ್ಕೊಂಡು ಕೂತಿರು" ಎಂದಿದ್ದ.

ಗುಂಡಿಯಂತೆ, ಗುಂಡಿ!

ತಿಂಗಳ ಹಿಂದೆ ಮನೆಮಂದಿಗೆಲ್ಲ ನೆಗಡಿ, ಜ್ವರ ಬಂದಿತ್ತು. ಎಲ್ಲರದೂ ವಾಸಿಯಾಯಿತು, ಅವಳದ್ದೂ ವಾಸಿಯಾಯಿತು. ಎರಡು ವಾರ ಕಳೆದ ಮೇಲೆ ಮತ್ತೆ ಜ್ವರ, ಜೊತೆಗೆ ಕತ್ತಿನ ಮುಂಭಾಗದಲ್ಲಿ ನೋವು. ಗಂಟಲಿನ ಸೋಂಕು ಎಂದು ಡಾಕ್ಟರು ಆಂಟಿಬಯೋಟಿಕ್ ಬರೆದರು. ಅದು ಮುಗಿದರೂ ನೋವು ಕದಲಲಿಲ್ಲ. ಅದಕ್ಕಿಂತ ಜೋರಿನದು ಬರೆದರು. ಆ ಮಾತ್ರೆಯಿಂದ ಹೊಟ್ಟೆ ಕೆಟ್ಟಿತಷ್ಟೇ. ಬಲಗಡೆಯಿದ್ದ ನೋವು ಎಡಗಡೆಗೂ ಸರಿದು, ಕಿವಿಯವರೆಗೆ ಏರತೊಡಗಿತು.

ಸೋಮವಾರ ಬೆಳಿಗ್ಗೆ ಕ್ಲಿನಿಕ್ಕಿನಲ್ಲಿ ಮೂರನೆಯ ಸಲ ಕೂತಳು. ಪಕ್ಕದಲ್ಲಿ ತಂಗಿ. ಡಾಕ್ಟರು ಟಾರ್ಚ್ ಹಿಡಿದರು.

"ಬಾಯಿ ತೆಗೀರಿ. ಆ ಅನ್ನಿ. ಅಷ್ಟೇನೂ ಕೆಂಪಿಲ್ಲ. ಇನ್ನೊಂದು ಕೋರ್ಸ್ ಬೇರೆ ಮಾತ್ರೆ ಕೊಡ್ತೀನಿ. ಇದಕ್ಕೂ ಬಗ್ಗದಿದ್ರೆ ಗಂಟಲಿನ ಸರ್ಜನ್ ಹತ್ತಿರ ಕಳಿಸ್ತೀನಿ."

ಅವರ ಪೆನ್ನು ಚೀಟಿಯ ಮೇಲೆ ಓಡುತ್ತಿತ್ತು. ತಂಗಿ ಏಳಲು ಚೀಲ ಎತ್ತಿಕೊಂಡಳು. ಅಕ್ಕ ಕುರ್ಚಿ ಬಿಟ್ಟು ಏಳಲಿಲ್ಲ.

"ಡಾಕ್ಟ್ರೇ, ಕೆಂಪಿಲ್ಲ ಅಂತ ನೀವೇ ಅಂದ್ರಿ. ಮತ್ತೆ ಮಾತ್ರೆ ಯಾಕೆ?"

"ನಿಮಗೆ ಗಂಟಲು ನೋವಿದೆಯಲ್ಲಮ್ಮ."

"ಗಂಟಲೊಳಗೆ ನೋವಿಲ್ಲ. ಉಪ್ಪುನೀರು ಮುಕ್ಕಳಿಸಿದ್ರೆ ಏನೂ ನೋಯಲ್ಲ. ಕೊರಳಿಗೆ ಅಳತೆ ಟೇಪು ಹಾಕ್ಕೊಂಡ್ರೆ ಜೀವ ಹೋಗತ್ತೆ. ಮೂರು ಸಲ ಬಾಯೊಳಗೆ ಬೆಳಕು ಬಿಟ್ಟು ನೋಡಿದ್ದೀರಿ, ಒಂದು ಸಲಾನೂ ಕತ್ತು ಮುಟ್ಟಿಲ್ಲ. ನಾನು ಟೇಪು ಹಿಡಿಯದೆ ಕಣ್ಣಳತೆಲೇ ನಿಮ್ಮ ಕಾಲರ್ ಕತ್ತರಿಸಿದ್ರೆ ನೀವು ಹಾಕ್ಕೊಳ್ತೀರಾ?"

"ಅಕ್ಕಾ!" ತಂಗಿ ತೋಳು ಹಿಡಿದೆಳೆದಳು.

"ಬಿಡೇ. ಮುಟ್ಟಿ ನೋಡೋವರೆಗೂ ನಾನು ಏಳಲ್ಲ. ಹೊರಗಿನೋರು ಕಾಯಲಿ, ನಾನೂ ಎರಡು ಗಂಟೆ ಕಾದು ಬಂದಿದ್ದೀನಿ."

ಡಾಕ್ಟರ ಮುಖ ಕೆಂಪಾಯಿತು, ಅವಳ ಗಂಟಲಿಗಿಂತ ಹೆಚ್ಚಾಗಿಯೇ. ಆದರೂ ಎದ್ದರು. ಅವಳ ಹಿಂದೆ ನಿಂತು ಎರಡೂ ಕೈಯ ಬೆರಳುಗಳನ್ನು ಕತ್ತಿನ ಬುಡಕ್ಕೆ ಮೆಲ್ಲನೆ ಇಟ್ಟರು. ಅವಳು ಚೀರಿದಳು.

"ಉಗುಳು ನುಂಗಿ" ಎಂದರು. ಬೆರಳಿನ ಕೆಳಗಿದ್ದ ಗಟ್ಟಿ ಊತ ನುಂಗುವಾಗ ಮೇಲೆದ್ದು ಇಳಿಯಿತು. ಅವರ ದನಿ ಬದಲಾಯಿತು. "ಎದೆ ಬಡ್ಕೊಳ್ಳುತ್ತಾ? ತೂಕ ಇಳಿದಿದೆಯಾ? ಕೈ ಚಾಚಿ."

ಚಾಚಿದ ಬೆರಳುಗಳು ನಡುಗಿದವು. ಅವಳಿಗೆ ನಾಚಿಕೆಯಾಯಿತು, ಆದರೂ ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಅವರು ಬರೆಯುತ್ತಿದ್ದ ಚೀಟಿಯನ್ನು ಹರಿದು ಹಾಕಿ ರಕ್ತ ಪರೀಕ್ಷೆಗೆ ಬರೆದುಕೊಟ್ಟರು.

ಸಂಜೆ ವರದಿ ಬಂತು. ಉರಿಯೂತ ತೋರಿಸುವ ಇಎಸ್‌ಆರ್ ತೊಂಬತ್ತರ ಹತ್ತಿರ, ಇಪ್ಪತ್ತರೊಳಗೆ ಇರಬೇಕಾದದ್ದು. ಥೈರಾಯ್ಡ್ ಹಾರ್ಮೋನ್ ಜಾಸ್ತಿ, ಆ ಗ್ರಂಥಿಯನ್ನು ಕೆಲಸಕ್ಕೆ ಹಚ್ಚುವ ಟಿಎಸ್‌ಎಚ್ ಬಹುತೇಕ ಸೊನ್ನೆ.

"ಇದು ಗಂಟಲಿನ ಸೋಂಕಲ್ಲಮ್ಮ" ಎಂದರು ಡಾಕ್ಟರು. "ವೈರಸ್ ಜ್ವರ ಹೋದ ಮೇಲೆ ಕೆಲವರಿಗೆ ಥೈರಾಯ್ಡ್ ಗ್ರಂಥಿ ಊದ್ಕೊಳ್ಳುತ್ತೆ. ಒಳಗೆ ಕೂಡಿಟ್ಟಿದ್ದ ಹಾರ್ಮೋನ್ ರಕ್ತಕ್ಕೆ ಸೋರುತ್ತೆ, ಅದಕ್ಕೇ ಈ ನಡುಕ. ಆಂಟಿಬಯೋಟಿಕ್ ಬೇಡ. ಥೈರಾಯ್ಡ್ ತಗ್ಗಿಸೋ ಮಾತ್ರೆನೂ ಬೇಡ, ಗ್ರಂಥಿ ಹೊಸದಾಗಿ ಹೆಚ್ಚು ತಯಾರಿಸ್ತಾ ಇಲ್ಲ. ಉರಿಯೂತಕ್ಕೆ ಒಂದು ಮಾತ್ರೆ, ನಡುಕಕ್ಕೆ ಒಂದು. ಉಬ್ಬಸ ಇದ್ರೆ ನಡುಕದ ಮಾತ್ರೆ ಕೊಡೋ ಹಾಗಿಲ್ಲ, ಏನಾದ್ರೂ ಇದೆಯಾ?"

"ಇಲ್ಲ. ಕೈ ಸರಿಹೋಗುತ್ತಾ?"

"ಬಹಳಷ್ಟು ಜನಕ್ಕೆ ಪೂರ್ತಿ ಸರಿಹೋಗುತ್ತೆ. ಕೆಲವು ವಾರ ಬೇಕು. ಆಮೇಲೆ ಕೆಲವರಿಗೆ ಹಾರ್ಮೋನ್ ಕಡಿಮೆನೂ ಆಗಬಹುದು, ಅದಕ್ಕೆ ಆರು ವಾರಕ್ಕೆ ಮತ್ತೆ ರಕ್ತ ಕೊಡಿ." ಚೀಟಿ ಬರೆದು ಅವಳ ಕೈಗಿಡುತ್ತ ಹೇಳಿದರು, "ಮೊದಲ ದಿನವೇ ಕತ್ತು ಮುಟ್ಟಿ ನೋಡಬೇಕಿತ್ತು. ನನ್ನದೇ ತಪ್ಪು."

ತಪ್ಪೊಪ್ಪಿಕೊಂಡವರ ಜೊತೆ ಜಗಳ ಆಡಿ ಏನು ಬರುತ್ತದೆ? ಅವಳು ತಲೆಯಾಡಿಸಿ ಎದ್ದಳು.

ಗುರುವಾರದ ಹೊತ್ತಿಗೆ ಜ್ವರ ಬಿಟ್ಟಿತ್ತು. ಕತ್ತು ತಿರುಗಿಸಲು ಬರುತ್ತಿತ್ತು. ನಡುಕ ತಗ್ಗಿತ್ತು, ಪೂರ್ತಿ ಹೋಗಿರಲಿಲ್ಲ. ಇನ್ನಷ್ಟು ದಿನ ಮನೆಯಲ್ಲಿರು ಎಂದು ತಂಗಿ ಎಷ್ಟು ಗೋಗರೆದರೂ ಕೇಳದೆ ಕೆಲಸಕ್ಕೆ ಹೋದಳು.

ಮೇಜಿನ ಮುಂದೆ ಹೊಸಬ ನಿಂತಿದ್ದ. ಯಜಮಾನ ಗುಂಡಿ ಡಬ್ಬ ತೋರಿಸಿದ. ಅವಳು ಅದರ ಕಡೆ ತಿರುಗಿಯೂ ನೋಡದೆ ಡಾಕ್ಟರ ಚೀಟಿಯನ್ನು ಅವನ ಮುಂದಿಟ್ಟಳು.

"ಓದ್ಕೊಳ್ಳಿ. ಕೆಲವೇ ವಾರ. ಅಲ್ಲಿವರೆಗೆ ಇವನು ಕತ್ತರಿಸ್ಲಿ. ಎಲ್ಲಿ ಕತ್ತರಿಸಬೇಕು ಅಂತ ಹೇಳೋಳು ನಾನೇ."

"ಕೈ ನಡುಗುತ್ತಲ್ಲೇ ನಿಂಗೆ?"

ಅವಳು ಹೊಸಬನ ಪಕ್ಕ ಹೋಗಿ, ಎಂಟು ಪದರದ ಮೇಲೆ ಅವನಿಟ್ಟಿದ್ದ ಮಾದರಿ ಕಾಗದವನ್ನು ಅರ್ಧ ಬೆರಳು ಎಡಕ್ಕೆ ಸರಿಸಿದಳು.

"ಕೈ ನಡುಗುತ್ತೆ. ಕಣ್ಣು ನಡುಗಲ್ಲ."