ನಡುವೆ ಸೇರಿಸಿದ ಪದ

ಸುಕನ್ಯಾ ಹನ್ನೊಂದು ವರ್ಷಗಳಿಂದ ಒಂದು ತಪ್ಪನ್ನು ಬಲು ಚೆನ್ನಾಗಿ ಪಾಠ ಮಾಡುತ್ತ ಬಂದಿದ್ದಳು. ಅದು ತಪ್ಪೆಂದು ಅವಳಿಗೆ ಗೊತ್ತಾದದ್ದು ಮೇ ತಿಂಗಳ ಒಂದು ಶನಿವಾರ, ಮೂಡಿಗೆರೆಯ ಖಾಸಗಿ ಪಿಯು ಕಾಲೇಜೊಂದರ ಕೆಮಿಸ್ಟ್ರಿ ಲ್ಯಾಬಿನಲ್ಲಿ, ಪ್ಲೈವುಡ್ ಗೋಡೆಯ ಈಚೆ ತನ್ನ ಸರದಿಗೆ ಕಾಯುತ್ತ ಕುಳಿತಿದ್ದಾಗ. ಇನ್ನು ಇಪ್ಪತ್ತೇ ನಿಮಿಷಕ್ಕೆ ಅವಳ ಡೆಮೋ ಕ್ಲಾಸ್.

ಅದೇ ಕಾಲೇಜಿನಲ್ಲಿ ಅವಳು ಅಷ್ಟೂ ವರ್ಷ ಗೆಸ್ಟ್ ಲೆಕ್ಚರರ್. ಪ್ರತಿ ಜೂನ್‌ನಲ್ಲಿ ಕರೆಯುತ್ತಾರೋ ಇಲ್ಲವೋ ಎಂದು ಫೋನ್ ನೋಡಿಕೊಂಡು ಕೂರುವ ಕೆಲಸ. ಈ ಸಲ ಆಡಳಿತ ಮಂಡಳಿಯವರು ಗಣಿತಕ್ಕೆ ಒಬ್ಬರನ್ನು ಕಾಯಂ ಮಾಡುತ್ತೇವೆ, ಇನ್ನು ಗೆಸ್ಟ್‌ಗಳು ಬೇಡ ಎಂದುಬಿಟ್ಟಿದ್ದರು. ಸಿಕ್ಕರೆ ಪೂರ್ತಿ, ಇಲ್ಲದಿದ್ದರೆ ಏನೂ ಇಲ್ಲ. ಆಲ್ದೂರಿನ ಮನೆಯಲ್ಲಿ ಗಂಡ ವಿಘ್ನೇಶ ಎರಡು ವರ್ಷದಿಂದ ಹಾಸಿಗೆ ಹಿಡಿದಿದ್ದ. ಮೆಣಸು ಕೊಯ್ಯುವಾಗ ಏಣಿ ಜಾರಿ, ಬಳ್ಳಿ ಹಬ್ಬಿಸಿದ ಸಿಲ್ವರ್ ಓಕ್ ಮರದಿಂದ ಬಿದ್ದು ಸೊಂಟ ಮುರಿದುಕೊಂಡವನು. ಬೆಳಿಗ್ಗೆ ಅವನಿಗೆ ಗಂಜಿ ಕುಡಿಸಿ ಹೊರಡುವಾಗ ಅವನು, "ಸಿಗುತ್ತೆ ಬಿಡು, ನಿನ್ನಷ್ಟು ಚೆನ್ನಾಗಿ ಯಾರು ಪಾಠ ಮಾಡ್ತಾರೆ?" ಎಂದಿದ್ದ. ಆ ಮಾತು ಕೇಳಿ ಅವಳಿಗೆ ಧೈರ್ಯ ಬರಲಿಲ್ಲ.

ಕರೆದದ್ದು ಇಬ್ಬರನ್ನೇ. ಇನ್ನೊಬ್ಬಳು ಧನ್ಯಾ, ಕಳಸದವಳು, ಏಳು ವರ್ಷದ ಹಿಂದೆ ಇದೇ ಕಾಲೇಜಿನಲ್ಲಿ ಸುಕನ್ಯಾಳ ವಿದ್ಯಾರ್ಥಿನಿ. ಎಮ್ಮೆಸ್ಸಿ ಮುಗಿಸಿ ಬಂದಿದ್ದಳು. ಬೆಳಿಗ್ಗೆ ಗೇಟಿನಲ್ಲೇ ಕಾಲಿಗೆ ನಮಸ್ಕಾರ ಮಾಡಿ, "ನಿಮ್ಮೆದುರು ನಾನ್ಯಾಕೆ ಬಂದೆ ಅನ್ನಿಸ್ತಿದೆ ಮಿಸ್," ಅಂದಿದ್ದಳು. ಹೋಲಿಸುವುದಕ್ಕೆ ಸುಲಭವಾಗಲಿ ಎಂದು ಇಬ್ಬರಿಗೂ ಒಂದೇ ವಿಷಯ ಕೊಟ್ಟಿದ್ದರು: ಎರಡು ಫಂಕ್ಷನ್‌ಗಳ ಗುಣಲಬ್ಧದ ನಿಷ್ಪನ್ನ, ಅಂದರೆ ಡೆರಿವೇಟಿವ್, ಮಿತಿಯ ವ್ಯಾಖ್ಯೆಯಿಂದ ಸಾಧನೆ. ಮಕ್ಕಳ ಬಾಯಲ್ಲಿ ಪ್ರಾಡಕ್ಟ್ ರೂಲ್. ಸುಕನ್ಯಾ ಇದನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದಳು.

ಮೊದಲು ಧನ್ಯಾ ಒಳಗೆ ಹೋದಳು. ಪ್ಲೈವುಡ್ ಗೋಡೆಗೆ ಮಾತನ್ನು ತಡೆಯುವ ಶಕ್ತಿ ಎಲ್ಲಿಂದ ಬರಬೇಕು? ಸೀಮೆಸುಣ್ಣದ ಸದ್ದೂ ಈಚೆ ಬರುತ್ತಿತ್ತು.

"f(x+h)g(x+h) ಇಂದ f(x)g(x) ಕಳೀಬೇಕು, h ಇಂದ ಭಾಗಿಸ್ಬೇಕು, h ಸೊನ್ನೆ ಆಗೋ ಹಾಗಿಲ್ಲ. ಎರಡೂ ಒಟ್ಟಿಗೆ ಬದಲಾಗ್ತಿರೋದ್ರಿಂದ ನೇರವಾಗಿ ಬಿಡಿಸೋಕೆ ಆಗಲ್ಲ. ಅದಕ್ಕೆ ನಡುವೆ ಒಂದು ಪದ ಸೇರಿಸ್ತೀವಿ. f(x+h)g(x). ಸೇರಿಸಿದ್ದನ್ನೇ ಕಳೀತೀವಿ, ಹಾಗಾಗಿ ಬೆಲೆ ಏನೂ ಬದಲಾಗಲ್ಲ."

ಸುಕನ್ಯಾಳ ಬೆನ್ನು ನೆಟ್ಟಗಾಯಿತು. ಮಾತು ಅವಳದೇ, ಉಸಿರು ತೆಗೆದುಕೊಳ್ಳುವ ಜಾಗ ಕೂಡ ಅವಳದೇ. ಮುಂದಿನ ವಾಕ್ಯ ಯಾವುದೆಂದು ಅವಳಿಗೆ ಮೊದಲೇ ಗೊತ್ತಿತ್ತು.

"ಈಗ ಎರಡು ಭಾಗ ಆಯ್ತು. ಮೊದಲನೇದ್ರಲ್ಲಿ f(x+h) ಹೊರಗೆ ಬರುತ್ತೆ, ಒಳಗೆ ಉಳಿಯೋದು g ಯ ನಿಷ್ಪನ್ನ. ಎರಡನೇದ್ರಲ್ಲಿ g(x) ಹೊರಗೆ, ಒಳಗೆ f ನ ನಿಷ್ಪನ್ನ. ಈಗ h ಜಾಗಕ್ಕೆ ಸೊನ್ನೆ ಹಾಕಿ. f(x+h) ಹೋಗಿ f(x) ಆಯ್ತು. ಮುಗೀತು."

"ಒಂದು ನಿಮಿಷ ಅಮ್ಮ." ಇದು ಉಮಾಮಹೇಶ್ವರ ಅವರ ದನಿ. ಚಿಕ್ಕಮಗಳೂರಿನ ನಿವೃತ್ತ ಪ್ರೊಫೆಸರ್, ವಿಷಯ ತಜ್ಞರೆಂದು ಕರೆಸಿದ್ದರು. "ಕೆಳಗೆ ಛೇದದಲ್ಲಿ h ಇದೆ, ಅದು ಸೊನ್ನೆ ಆಗೋ ಹಾಗಿಲ್ಲ ಅಂತ ಮೊದಲ ಸಾಲಲ್ಲೇ ಹೇಳಿದ್ರಿ. ಅದೇ h ಮೇಲೆ ಹೋದ ಕೂಡ್ಲೇ ಸೊನ್ನೆ ಹೇಗಾಯ್ತು? h ಸೊನ್ನೆಗೆ ಹತ್ತಿರ ಬಂದಾಗ f(x+h) ತಾನೇ f(x) ಹತ್ತಿರ ಬರುತ್ತೆ ಅಂತ ಯಾರು ಹೇಳಿದ್ರು? f ಅಲ್ಲಿ ತಟ್ಟನೆ ಬೇರೆ ಬೆಲೆಗೆ ಜಿಗಿದ್ರೆ?"

ಆಚೆ ಸೀಮೆಸುಣ್ಣದ ಸದ್ದು ನಿಂತಿತು.

ಈಚೆ ಸುಕನ್ಯಾ ಅದೇ ಪ್ರಶ್ನೆಯನ್ನು ತನಗೇ ಹಾಕಿಕೊಂಡಳು. ಯಾರು ಹೇಳಿದ್ದು? ನಾನೇ ಹೇಳಿದ್ದು. ಹನ್ನೊಂದು ವರ್ಷ, ವರ್ಷಕ್ಕೆರಡು ಸೆಕ್ಷನ್. ಒಂದು ಮಗುವೂ ಕೈಯೆತ್ತಿ ಕೇಳಿರಲಿಲ್ಲ. ಕೇಳುವ ಮಕ್ಕಳಿಗೆ ಅವಳು ಅವಕಾಶವನ್ನೂ ಕೊಟ್ಟಿರಲಿಲ್ಲ, "ಈ ಸಾಲು ಬಾಯಿಪಾಠ ಮಾಡ್ಕೊಳ್ಳಿ, ಮಾರ್ಕ್ಸ್ ಇರೋದೇ ಇಲ್ಲಿ," ಅಂದುಬಿಡುತ್ತಿದ್ದಳು. ಈಗ ಇದೇ ಪ್ರಶ್ನೆ ತನಗೂ ಬರುತ್ತದೆ. ತನಗೂ ಉತ್ತರ ಗೊತ್ತಿಲ್ಲ!

ಅವಳು ಚೀಲ ತಡಕಾಡಿದಳು. ಸಿಕ್ಕಿದ್ದು ಸಂದರ್ಶನಕ್ಕೆ ಕರೆದ ಪತ್ರ. ಅದರ ಹಿಂಬದಿಗೆ ಬರೆಯತೊಡಗಿದಳು. f(x+h) ಎಂದು ಬರೆದು ಅದನ್ನೇ ದುರುಗುಟ್ಟಿ ನೋಡಿದಳು. ನಡುಪದವನ್ನು ಬದಲಿಸಿ f(x)g(x+h) ಇಟ್ಟರೆ? ಬರೆದು ನೋಡಿದಳು. ಈಗ f(x) ನೆಮ್ಮದಿಯಾಗಿ ಹೊರಗೆ ಬಂತು, ಆದರೆ g(x+h) ಬಂದು ಅದೇ ಕಷ್ಟ ಕೊಟ್ಟಿತು. ಗಾಬರಿಯಲ್ಲಿ f(x)g(x) ಅನ್ನೇ ಸೇರಿಸಿ ಕಳೆದಳು. ಹೊರಟಲ್ಲಿಗೇ ಬಂದು ನಿಂತಿತು. ಅಕ್ಷರಗಳು ಕಣ್ಣಲ್ಲಿ ಕಲಸಿಕೊಂಡವು. ದೇವರೇ, ಇಷ್ಟು ವರ್ಷ ತಿಂದ ಅನ್ನಕ್ಕೆ ಇವತ್ತೇ ಲೆಕ್ಕ ಕೇಳಬೇಕಿತ್ತೇ ಎಂದು ಬಾಯಿಬಿಟ್ಟು ಅಳುವಷ್ಟಾಯಿತು.

ಗೋಡೆಯಾಚೆ ಧನ್ಯಾ ಸಣ್ಣಗೆ, "ನಮಗೆ ಹಾಗೇ ಕಲಿಸಿದ್ದು ಸರ್," ಎಂದದ್ದು ಕೇಳಿಸಿತು. ಯಾರು ಕಲಿಸಿದ್ದೆಂದು ಅವಳು ಹೇಳಲಿಲ್ಲ.

ನಾಚಿಕೆಯೋ ಭಯವೋ, ಸುಕನ್ಯಾಳ ಕೈ ಮತ್ತೆ ಪೆನ್ನು ಹಿಡಿಯಿತು. f(x+h) ಗೆ f(x) ಅನ್ನೇ ಸೇರಿಸಿ ಕಳೆದರೆ ಏನಾಗುತ್ತದೆ? ನಡುಪದದ ಅದೇ ಉಪಾಯ. f(x), ಜೊತೆಗೆ f(x+h) ಮತ್ತು f(x) ಗಳ ವ್ಯತ್ಯಾಸ. ಆ ವ್ಯತ್ಯಾಸ ಸೊನ್ನೆಯ ಕಡೆ ಹೋಗುತ್ತದೆಂದು ತೋರಿಸಿದರೆ ಸಾಕು. ಅದನ್ನು h ಇಂದ ಭಾಗಿಸಿ, h ಇಂದಲೇ ಗುಣಿಸಿದಳು. ಭಾಗಿಸಿದ್ದು f ನ ನಿಷ್ಪನ್ನದ ಕಡೆ ಹೋಗುತ್ತದೆ. f ಗೆ ನಿಷ್ಪನ್ನ ಇದೆ ಎಂದು ನಾವು ಮೊದಲೇ ಒಪ್ಪಿಕೊಂಡಿದ್ದೇವೆ, ಅದೊಂದು ಸಂಖ್ಯೆ. ಉಳಿದ h ಸೊನ್ನೆಯ ಕಡೆ. ಸಂಖ್ಯೆಯ ಜೊತೆ ಸೊನ್ನೆ ಗುಣಿಸಿದರೆ ಸೊನ್ನೆ. ಹಾಗಾದರೆ f(x+h) ಹೋಗುವುದು f(x) ಕಡೆಗೇ. ನಿಷ್ಪನ್ನ ಇರುವಲ್ಲಿ f ಜಿಗಿಯುವಂತಿಲ್ಲ! ಎಲ್ಲೂ h ಗೆ ಸೊನ್ನೆ ಹಾಕಲಿಲ್ಲ. ನಾಲ್ಕೇ ಸಾಲು.

ಬಾಗಿಲು ತೆರೆಯಿತು. ಧನ್ಯಾ ತಲೆ ತಗ್ಗಿಸಿ ಬಂದು ಲ್ಯಾಬಿನ ಬೆಂಚಿನ ತುದಿಯಲ್ಲಿ ಕುಳಿತಳು. ಸುಕನ್ಯಾ ಅವಳ ಮುಖ ನೋಡದೆ ಒಳಗೆ ಹೋದಳು.

ಆ ದಿನದಂತೆ ಅವಳು ಯಾವತ್ತೂ ಪಾಠ ಮಾಡಿರಲಿಲ್ಲ. ಕಾಫಿ ಒಣಗಿಸುವ ಕಣವೊಂದನ್ನು ಬೋರ್ಡಿನ ಮೇಲೆ ಬರೆದಳು, ಉದ್ದ f, ಅಗಲ g. "ಕಣ ಎರಡೂ ಕಡೆ ಬೆಳೀಬೇಕು. ಎರಡನ್ನೂ ಒಟ್ಟಿಗೆ ಎಳೀಬೇಡಿ. ಮೊದಲು ಉದ್ದ ಮಾತ್ರ ಹೆಚ್ಚಿಸಿ, ಅಗಲ ಹಳೇದೇ ಇರ್ಲಿ. ಆ ಕಣಾನೇ f(x+h)g(x). ಆಮೇಲೆ ಅಗಲ. ನಡುವಿನ ಪದ ಮಂತ್ರ ಅಲ್ಲ ಮಕ್ಕಳೇ, ಒಂದು ಸಲಕ್ಕೆ ಒಂದನ್ನೇ ಬದಲಿಸೋದು, ಅಷ್ಟೇ." ಕೊನೆಗೆ ಆ ನಾಲ್ಕು ಸಾಲು ಬರೆದಳು. ಉಮಾಮಹೇಶ್ವರ ಕನ್ನಡಕ ತೆಗೆದು ಒರೆಸಿಕೊಂಡು, "ಭೇಷ್," ಎಂದರು.

ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಅವರು ಕನ್ನಡಕ ಹಾಕಿಕೊಂಡು ಕೇಳಿದರು: "ಆ ಹುಡುಗಿ ನಿಮ್ಮ ಸ್ಟೂಡೆಂಟ್ ಅಂತೆ. ಇದನ್ನ ನೀವು ಹೇಳ್ಕೊಟ್ಟಿರ್ಲಿಲ್ವಾ?"

ಪಕ್ಕದಲ್ಲಿ ಮಂಡಳಿಯ ಕಾರ್ಯದರ್ಶಿ ಓಂಕಾರಪ್ಪನವರು ಪೆನ್ನಿನ ಮುಚ್ಚಳ ತೆಗೆದು ಅಂಕಪಟ್ಟಿಯ ಮೇಲೆ ಕೈಯಿಟ್ಟು ಕಾಯುತ್ತಿದ್ದರು. ಸುಕನ್ಯಾಳ ಕಣ್ಣ ಮುಂದೆ ಆಲ್ದೂರಿನ ಮನೆ ಬಂತು, ಹಾಸಿಗೆ ಬಂತು, ಗಂಜಿಯ ಲೋಟ ಬಂತು.

"ಹೇಳಿದ್ದೆ ಸರ್," ಎಂದಳು. "ಮರೆತಿರ್ಬೇಕು."

ಮಧ್ಯಾಹ್ನದೊಳಗೆ ಆದೇಶ ಕೈಗೆ ಬಂತು. ಓಂಕಾರಪ್ಪನವರು, "ನೀವು ನಮ್ಮೋರೇ ಅಲ್ವೇನಮ್ಮ," ಎಂದು ನಕ್ಕರು. ಅವಳೂ ನಕ್ಕಳು.

ಬಸ್ ಸ್ಟ್ಯಾಂಡಿನಲ್ಲಿ ಕಳಸದ ಬಸ್ಸು ನಿಂತಿತ್ತು. ಧನ್ಯಾ ಕಿಟಕಿಯ ಪಕ್ಕ ಕುಳಿತಿದ್ದಳು, ತೊಡೆಯ ಮೇಲೆ ಹಳೆಯ ನೋಟ್ಸು. ಸುಕನ್ಯಾಳನ್ನು ಕಂಡು ಎದ್ದುನಿಲ್ಲಲು ಹೋದಳು.

"ಕಂಗ್ರಾಟ್ಸ್ ಮಿಸ್. ಲ್ಯಾಬಲ್ಲಿ ಕೂತು ನಿಮ್ಮ ಪಾಠ ಪೂರ್ತಿ ಕೇಳಿಸ್ಕೊಂಡೆ. ಆ ಕೊನೇ ಭಾಗ ನಾನೇ ಬರ್ಕೊಂಡಿಲ್ಲ ಅನ್ಸುತ್ತೆ. ಅವತ್ತು ಆಬ್ಸೆಂಟ್ ಆಗಿದ್ನೋ ಏನೋ. ಆಗ್ಲಿಂದ ಹುಡುಕ್ತಿದೀನಿ."

ತೆರೆದ ಪುಟದಲ್ಲಿ ದುಂಡಗಿನ ಅಕ್ಷರ: 'h ಜಾಗಕ್ಕೆ ಸೊನ್ನೆ ಹಾಕಿದಾಗ'. ಅದರ ಮೇಲೆ ಸುಕನ್ಯಾಳದೇ ಕೆಂಪು ಶಾಯಿಯ ಸರಿ ಗುರುತು, ಕೆಳಗೆ 'ವೆರಿ ಗುಡ್'.

ಏನೂ ಹೇಳದೆ ಹೋಗಿಬಿಡಬಹುದಿತ್ತು. ಕಂಡಕ್ಟರ್ ಆಗಲೇ ಸೀಟಿ ಊದುತ್ತಿದ್ದ. ಸುಕನ್ಯಾ ಚೀಲದಿಂದ ಸಂದರ್ಶನದ ಪತ್ರ ತೆಗೆದು, ಹಿಂಬದಿ ಮೇಲೆ ಮಾಡಿ ಕಿಟಕಿಯೊಳಗೆ ಚಾಚಿದಳು.

ಧನ್ಯಾ ನಾಲ್ಕು ಸಾಲನ್ನೂ ಓದಿದಳು. ಮೇಲೆ ಹೊಡೆದುಹಾಕಿದ ಸಾಲುಗಳನ್ನೂ ಓದಿದಳು. ಆಮೇಲೆ ಹಾಳೆ ತಿರುಗಿಸಿದಳು. ಅಲ್ಲಿ ಇವತ್ತಿನ ತಾರೀಕು, ಸುಕನ್ಯಾಳ ಹೆಸರು, ಹೊತ್ತು ಹನ್ನೊಂದೂವರೆ.

"ಇದನ್ನ ಇವತ್ತು ಬರೆದ್ರಾ ಮಿಸ್?"

"ಹೌದು ಕಣೆ. ನೀನು ಸರಿಯಾಗೇ ಬರ್ಕೊಂಡಿದ್ದೆ. ನಾನೇ ಹೇಳ್ಕೊಟ್ಟಿರ್ಲಿಲ್ಲ. ನಂಗೇ ಗೊತ್ತಿರ್ಲಿಲ್ಲ."

"ನಾನು ಒಳಗೆ ಬೋರ್ಡ್ ಮುಂದೆ ನಿಂತಿದ್ದಾಗ?"

ಸುಕನ್ಯಾ ಹೌದೆಂದು ತಲೆಯಾಡಿಸಿದಳು. ಬೈಯಲಿ ಎಂದು ಕಾದಳು. ಬೈದಿದ್ದರೆ ಎಷ್ಟೋ ವಾಸಿಯಾಗುತ್ತಿತ್ತು.

ಧನ್ಯಾ ಪತ್ರವನ್ನು ಮಡಿಸಿ ನೋಟ್ಸಿನೊಳಗೆ ಇಟ್ಟುಕೊಂಡಳು. "ಇದು ನನ್ನ ಹತ್ರಾನೇ ಇರ್ಲಿ ಮಿಸ್. ಊರಲ್ಲಿ ನನ್ನ ಹತ್ರ ಟ್ಯೂಷನ್ನಿಗೆ ಬರೋ ಮಕ್ಕಳಿಗೂ ಸೊನ್ನೆ ಹಾಕಿ ಅಂತಾನೇ ಹೇಳ್ಕೊಟ್ಟಿದೀನಿ. ಸೋಮವಾರ ಅವರಿಗೆಲ್ಲ ತಪ್ಪು ಹೇಳಿದ್ದೆ ಅಂತ ಹೇಳ್ಬೇಕು."

ಬಸ್ಸು ಹೊರಟಿತು. ಸುಕನ್ಯಾಳ ಫೋನಿನಲ್ಲಿ ವಿಘ್ನೇಶನ ಮೂರು ಮಿಸ್ಡ್ ಕಾಲ್ ಇದ್ದವು. ಸ್ವಲ್ಪ ಹೊತ್ತಿಗೆ ಆಲ್ದೂರಿನ ಬಸ್ಸೂ ಬಂತು. ಕಾಲೇಜಿನ ಕಡೆಗೆ ಒಮ್ಮೆ ತಿರುಗಿ ನೋಡಿ ಅವಳು ಹತ್ತಿದಳು. ಬಸ್ಸಿನಲ್ಲಿ ಸೀಟುಗಳು ಬೇಕಾದಷ್ಟು ಖಾಲಿಯಿದ್ದವು. ಆಲ್ದೂರು ಬರುವವರೆಗೂ ಅವಳು ಕೂರಲಿಲ್ಲ.